ಕಲ್ಲು ಸೀಳುವವನ ಮುಖ

ತ್ರೆಲಾಝೆ, 9 ಮಾರ್ಚ್ 1857

ಅಣ್ಣ ಇಲೇರ್,

ಈಗ ಮಧ್ಯಾಹ್ನ ನಾಲ್ಕು ಗಂಟೆ. ಬೆಳಿಗ್ಗೆ ಹಳೆಯ ಗಣಿಗುಂಡಿಯ ನೀರಿನಲ್ಲಿ ಪಾದ್ರಿಯವರ ಮನೆಯ ಬಟ್ಟೆ ಒಗೆದೆ. ಆಮೇಲೆ ಎಲೆಕೋಸಿನ ಸಾರಿಗೆ ಇಟ್ಟೆ, ಇಬ್ಬರಿಗಾಗುವಷ್ಟು ಇಟ್ಟುಬಿಟ್ಟೆ. ಅರ್ಧವನ್ನು ಪಕ್ಕದ ಮನೆಗೆ ಕೊಟ್ಟು ಬಂದು ಈ ಕಾಗದ ಹಿಡಿದು ಕೂತಿದ್ದೇನೆ.

ಕಳೆದ ಸೋಮವಾರ ಮಾತುರಿನ್ ಹೋದ. ಚಳಿಗಾಲ ಹಿಡಿದಾಗಿನಿಂದ ಕೆಮ್ಮು ಇತ್ತು. ಕಲ್ಲಿನ ಧೂಳು ಎಲ್ಲರ ಎದೆಯಲ್ಲೂ ಇರುವುದೇ ಎಂದು ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಹಾಸಿಗೆಯಲ್ಲಿ ಮಲಗಲಾರದೆ ಗೋಡೆಗೆ ಒರಗಿ ಕೂತಿರುತ್ತಿದ್ದ. ಕೂತ ಹಾಗೇ ಹೋದ. ಅವನ ಜೊತೆ ಕಲ್ಲು ಸೀಳುತ್ತಿದ್ದವರೇ ಹೊತ್ತರು. ಗೋರಿಗೆ ನೆಡಲು ತಾತ ಬೆಲ್ವಾನ್ ತನ್ನ ಕೈಯಿಂದಲೇ, ಸೂರಿಗೆ ಹೊದಿಸುವ ನಮ್ಮ ಕಪ್ಪು ಕಲ್ಲಿನದೇ ಒಂದು ಹಲಗೆ ಸೀಳಿಕೊಟ್ಟ.

ನಿನ್ನನ್ನು ಒಂದು ಕೇಳಬೇಕು. ನಮ್ಮಮ್ಮ ನಿನ್ನನ್ನೂ ನನ್ನನ್ನೂ ಒಟ್ಟಿಗೇ ಎದೆಗೆ ಹಾಕಿಕೊಂಡು ಬೆಳೆಸಿದವಳು. ನಿನ್ನ ಮನೆಯವರು ಅದಕ್ಕೆ ಸಂಬಳ ಕೊಟ್ಟರು, ನಿಜ. ಆದರೂ ನೀನು ದೊಡ್ಡವನಾದ ಮೇಲೂ ನಮ್ಮ ಹೊಸ್ತಿಲು ತುಳಿಯುವುದನ್ನು ಬಿಡಲಿಲ್ಲ. ಆ ಧೈರ್ಯದ ಮೇಲೆ ಕೇಳುತ್ತೇನೆ.

ಅಕ್ಟೋಬರ್‌ನಲ್ಲಿ ನೀನು ಗಣಿಯವರ ಚಿತ್ರ ಬರೆಯಲು ಬಂದೆಯಲ್ಲ, ಅವತ್ತು ಮಾತುರಿನ್ ಬೆಳಿಗ್ಗೆಯೇ ಎದ್ದು ಗಡ್ಡ ಹೆರೆದುಕೊಂಡ. ತಲೆಗೆ ನೀರು ಹಾಕಿಕೊಂಡ. ನನ್ನ ತಮ್ಮನ ಮದುವೆಯ ಕಂದು ಕೋಟು ಬೇಡಿ ತಂದು ಹಾಕಿಕೊಂಡು ಅಂಗಳದಲ್ಲಿ ಕುರ್ಚಿ ಇಟ್ಟು ಕೂತ. ನೀನು ಬಂದವನು ನಕ್ಕುಬಿಟ್ಟೆ. "ಅದನ್ನೆಲ್ಲ ತೆಗಿ ಮಾರಾಯ, ನಿನ್ನ ಮದುವೆ ಮಾಡಿಸೋಕೆ ಬಂದಿಲ್ಲ ನಾನು" ಎಂದೆ. ಅವನೂ ನಕ್ಕ. ಒಳಗೆ ಹೋಗಿ ಕೆಲಸದ ಚಿಂದಿ ಸುತ್ತಿಕೊಂಡು ಬಂದ. ಸಂಜೆ ಊಟಕ್ಕೆ ಕೂತಾಗ ನನಗೆ ಹೇಳಿದ: "ಚಿತ್ರಕ್ಕೆ ಕೂರೋವಾಗ ತೊಳ್ಕೊಂಡು ಕೂರ್ಬೇಕು ಅಂತ ನಿಮ್ಮಣ್ಣನಿಗೆ ಗೊತ್ತಿಲ್ವೇನೆ? ಚರ್ಚಿನ ಗೋಡೇಲಿರೋ ಸಂತರೆಲ್ಲ ತೊಳ್ಕೊಂಡೇ ಕೂತಿದ್ದಾರಲ್ಲ."

ನಿನ್ನ ಚಿತ್ರದ ಬಟ್ಟೆಯ ಮೇಲೆ ಅವನಿಗೆ ಆ ಕೋಟು ಬರೆದುಬಿಡು. ಕೆನ್ನೆಗೂ ಸ್ವಲ್ಪ ಕೆಂಪು ಹಾಕು. ನನ್ನ ಹೊಟ್ಟೆಯಲ್ಲಿರುವುದು ಜೂನ್‌ನಲ್ಲಿ ಬರುತ್ತದೆ. ಅದು ಅಪ್ಪನ ಮುಖ ನೋಡಬೇಕಾದರೆ ನಿನ್ನ ಚಿತ್ರದಲ್ಲಿ ಬಿಟ್ಟು ಈ ಲೋಕದಲ್ಲಿ ಬೇರೆಲ್ಲೂ ಇಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಮುಖದ ಪಡಿಯಚ್ಚು ಹಿಡಿಯುವವನ ಮುಂದೆ ನಾವು ಯಾವತ್ತೂ ಕೂತವರಲ್ಲ.

ನಿನ್ನ ಪೆರಿನ್

*

ಪ್ಯಾರಿಸ್, 2 ಏಪ್ರಿಲ್ 1857

ಪ್ರೀತಿಯ ಪೆರಿನ್,

ನಿನ್ನ ಕಾಗದ ಓದಿ ಅವತ್ತು ಕೆಲಸ ಮಾಡಲಾಗಲಿಲ್ಲ. ಮಾತುರಿನ್ ನನ್ನ ಎದುರಿಗೇ ಕೂತಿದ್ದಾನೆ, ಗೋಡೆಯ ತುಂಬಾ, ಜೀವದಷ್ಟೇ ದೊಡ್ಡದಾಗಿ. ಅವನ ಹಿಂದೆ ಉಳಿದ ನಾಲ್ವರು, ಅವರ ಹಿಂದೆ ನೀವು ಮರೆಗಿಟ್ಟುಕೊಳ್ಳುವ ಗಾಳಿತಡಿಕೆಗಳ ಸಾಲು, ಆಚೆ ಗಣಿಯ ಬಾಯಿ. ಅವನು ಸತ್ತಿದ್ದಾನೆ ಎಂದು ನಂಬಲು ನಾನು ಬೆನ್ನು ತಿರುಗಿಸಿ ಕೂರಬೇಕಾಯಿತು.

ಆದರೆ ಕೋಟು ಬರೆಯಲಾರೆ, ಪೆರಿನ್. ಕೋಪಿಸಿಕೊಳ್ಳದೆ ಕೇಳು. ಬಡವರನ್ನು ಚಿತ್ರದಲ್ಲಿ ಹಾಕಬಾರದು ಎಂದು ಇಲ್ಲಿ ಯಾರೂ ಹೇಳುವುದಿಲ್ಲ. ಅಂಗೈಯಗಲದ ಹಲಗೆಯ ಮೇಲೆ, ಕುಡಿದು ಕುಣಿಯುವ ಹಳ್ಳಿಯವನನ್ನು, ಹೂ ಮುಡಿದ ದನಗಾಹಿ ಹುಡುಗಿಯನ್ನು ಬರೆದರೆ ಸಾಹುಕಾರರು ಕೊಂಡು ಊಟದ ಕೋಣೆಯಲ್ಲಿ ತೂಗುಹಾಕುತ್ತಾರೆ. ಮನೆಯಗಲದ ಬಟ್ಟೆ ಮಾತ್ರ ರಾಜರದು, ದೇವರದು, ಯುದ್ಧದ್ದು. ಆ ಅಳತೆಯನ್ನು ನಾನು ಕಲ್ಲು ಸೀಳುವವನಿಗೆ ಕೊಟ್ಟಿದ್ದೇನೆ. ಅವನ ಕಾಲಿಗೆ ಸುತ್ತಿದ ಚಿಂದಿಯನ್ನು, ಒಬ್ಬ ದೊರೆಯ ರೇಷ್ಮೆಯನ್ನು ಎಷ್ಟು ಶ್ರದ್ಧೆಯಿಂದ ಬರೆಯುತ್ತಾರೋ ಅಷ್ಟೇ ಶ್ರದ್ಧೆಯಿಂದ ಬರೆದಿದ್ದೇನೆ. ಮದುವೆಯ ಕೋಟು ಹಾಕಿದರೆ ಅವನು ಮಾತುರಿನ್ ಆಗಿರುವುದಿಲ್ಲ, ಭಾನುವಾರದ ಯಾರೋ ಒಬ್ಬ ಆಗುತ್ತಾನೆ.

ಮುಖದ ಬಣ್ಣವನ್ನೂ ಮುಟ್ಟುವುದಿಲ್ಲ. ನಾನು ಕಂಡಂತೆ ಬರೆದಿದ್ದೇನೆ. ಪ್ರಪಂಚದ ಯಾರು ಹೇಳಿದರೂ ಆ ಮುಖವನ್ನು ಮುಟ್ಟುವುದಿಲ್ಲ. ಇದು ನಿನಗೆ ನನ್ನ ಮಾತು.

ಚಿತ್ರ ಸರ್ಕಾರದ ಮಹಾಪ್ರದರ್ಶನಕ್ಕೆ ಹೋಗುತ್ತದೆ. ಮೊದಲು ಹಳೆಯ ಪಂಡಿತರ ಒಂದು ಮಂಡಳಿ ನೋಡಬೇಕು. ಸಾವಿರಾರು ಚಿತ್ರಗಳ ಮುಂದೆ ನಡೆದು ಹೋಗುತ್ತಾ ಕೈ ಎತ್ತುತ್ತಾರೆ, ಇಲ್ಲವೇ ಎತ್ತುವುದಿಲ್ಲ. ತಳ್ಳಿಹಾಕಿದ ಚಿತ್ರದ ಬೆನ್ನಿಗೆ ಒಂದು ಮುದ್ರೆ ಒತ್ತುತ್ತಾರೆ. ಆ ಮುದ್ರೆ ಕಂಡ ಮೇಲೆ ಯಾವ ವ್ಯಾಪಾರಿಯೂ ಅದನ್ನು ಮುಟ್ಟುವುದಿಲ್ಲ. ನಮ್ಮವನಿಗಾಗಿ ಪ್ರಾರ್ಥನೆ ಮಾಡು. ನಾನು ಪ್ರಾರ್ಥನೆ ಮರೆತವನು.

ಇಲೇರ್

*

ಪ್ಯಾರಿಸ್, 24 ಜೂನ್ 1857

ಪೆರಿನ್,

ಮಗು ಬಂತೇ? ಬರೆ.

ಮಂಡಳಿ ಒಪ್ಪಿತು, ಅರೆಮನಸ್ಸಿನಿಂದ. ಕೊನೆಯ ಕೋಣೆಯಲ್ಲಿ, ಬಾಗಿಲ ಮೇಲೆ, ಸೂರಿಗೆ ತಾಗುವಂತೆ ತೂಗುಹಾಕಿದ್ದಾರೆ. ಕಣ್ಣಿಗೆ ಸಮನಾದ ಜಾಗವೆಲ್ಲ ಮಂಡಳಿಯವರ ಶಿಷ್ಯರಿಗೆ ಹೋಯಿತು: ನದಿಯ ದೇವತೆಗಳು, ಕ್ರಿಮಿಯಾದ ಯುದ್ಧ, ಬೆಕ್ಕಿನ ಮರಿಗಳು. ಆದರೂ ಜನ ಕತ್ತು ಎತ್ತಿ ನಮ್ಮವರನ್ನೇ ನೋಡುತ್ತಾರೆ. ದುಡ್ಡು ಕೊಟ್ಟು ಬರುವ ದಿನಗಳಲ್ಲಿ ನಾನು ಕಂಬದ ಮರೆಯಲ್ಲಿ ನಿಂತು ಕೇಳುತ್ತೇನೆ. ನಿನ್ನೆ ಬೆಳ್ಳಿಯ ಕೋಲಿನವನೊಬ್ಬ ಹೆಂಡತಿಗೆ ಹೇಳಿದ: "ಇವರಿಗೆ ಇಷ್ಟಗಲ ಗೋಡೆ ಯಾಕಂತೆ? ನಮ್ಮ ಊಟದ ಮನೇನೇ ಇಷ್ಟಿಲ್ಲ."

"ತೀರಾ ಹತ್ರ ಹೋಗ್ಬೇಡಿ, ಹೇನು ಹತ್ತುತ್ತೆ" ಎಂದಳು ಆಕೆ. ಸುತ್ತಲಿನವರು ನಕ್ಕರು. ಆಕೆಗೆ ಖುಷಿಯಾಗಿ ಅದನ್ನೇ ಇನ್ನೊಮ್ಮೆ ಹೇಳಿದಳು.

ಪತ್ರಿಕೆಗಳು ಬಂದಿವೆ. ಒಬ್ಬ ವಿಮರ್ಶಕ, ಈ ಮನುಷ್ಯ ಕುಂಚ ಬಿಟ್ಟು ಗಾರೆಕೆಲಸದವನ ಕರಣೆ ಹಿಡಿದಿದ್ದಾನೆ, ಬಣ್ಣದ ಬದಲು ಕೆಸರು ಮೆತ್ತಿದ್ದಾನೆ ಎಂದಿದ್ದಾನೆ. ಇನ್ನೊಬ್ಬ, ಕುರೂಪವನ್ನು ಹುಡುಕಿಕೊಂಡು ಇಷ್ಟು ದೂರ ಹೋಗುವ ಅಗತ್ಯವಿರಲಿಲ್ಲ, ಕನ್ನಡಿ ಸಾಕಿತ್ತು ಎಂದಿದ್ದಾನೆ. ಅತಿ ದೊಡ್ಡವನು, ಯಾರ ಮಾತಿಗೆ ಕೊಳ್ಳುವವರು ಕಿವಿಗೊಡುತ್ತಾರೋ ಅವನು, ಮಾತುರಿನ್‌ನ ಮುಖವನ್ನೇ ಹಿಡಿದಿದ್ದಾನೆ. ಆ ಮುಖ ಬೂದಿಯಂತೆ, ತುಟಿ ಸೀಸದಂತೆ, ಕಣ್ಣ ಕೆಳಗೆ ನೀಲಿ. ಉಸಿರಾಡುವ ಮನುಷ್ಯನಿಗೆ ಈ ಬಣ್ಣ ಇರುವುದಿಲ್ಲ. ಹೆಣವನ್ನು ಎತ್ತಿ ಕೂರಿಸಿ ಕೈಗೆ ಉಳಿ ಕೊಟ್ಟಿದ್ದಾರೆ ಎಂದು ಬರೆದಿದ್ದಾನೆ. ಒಂದು ನಗೆಪತ್ರಿಕೆ ಐವರನ್ನೂ ಹಂದಿಮೂತಿಯ ಚಿಂದಿಗಂಟುಗಳಾಗಿ ಬರೆದಿದೆ. ಇಡೀ ನಗರ ಅದನ್ನು ಕೊಳ್ಳುತ್ತಿದೆ.

ನಮ್ಮ ಪರವಾಗಿಯೂ ಒಬ್ಬ ಬರೆದ. ಇವರು ಬರಲಿರುವ ಕಾಲದ ಸೇನೆ, ಇವರ ಉಳಿಗಳು ಖಡ್ಗಗಳು ಎಂದು. ಅವನಿಗೆ ಕೃತಜ್ಞನಾಗಿರಬೇಕು. ಆದರೆ ಅದನ್ನು ಓದಿ ಎದುರಾಳಿ ಪತ್ರಿಕೆ, ಈ ಐವರು ಎದ್ದು ನಿಂತರೆ ಏನಾಗುತ್ತದೆಂದು ಎರಡು ವರ್ಷದ ಹಿಂದೆ ಆಂಜೆ ಪಟ್ಟಣ ಕಂಡಿದೆ ಎಂದು ಉತ್ತರ ಕೊಟ್ಟಿತು.

ನಗುತ್ತಿದ್ದಾರೆ ಎಂದರೆ ಹೆದರಿದ್ದಾರೆ. ಹೆದರಿದ್ದಾರೆ ಎಂದರೆ ಚಿತ್ರ ತಾಗಿದೆ. ನಾನು ಸಂತೋಷವಾಗಿದ್ದೇನೆ, ನಿಜವಾಗಿಯೂ. ಪತ್ರಿಕೆಯ ತುಂಡುಗಳನ್ನು ಕಳಿಸಿದ್ದೇನೆ.

ಇಲೇರ್

*

ತ್ರೆಲಾಝೆ, 12 ಜುಲೈ 1857

ಅಣ್ಣ,

ಬೆಳಗಿನ ಆರು ಗಂಟೆ. ಮಗು ಹಾಲು ಕುಡಿದು ಮಲಗಿದೆ, ಇನ್ನು ಸ್ವಲ್ಪ ಹೊತ್ತು ಏಳುವುದಿಲ್ಲ. ಹೆಣ್ಣು. ರೆನೆ ಎಂದು ಹೆಸರಿಟ್ಟೆವು. ಯಾರ ಹಾಗಿದ್ದಾಳೆ ಎಂದು ಬಂದವರೆಲ್ಲ ನೋಡುತ್ತಾರೆ, ಯಾರೂ ಏನೂ ಹೇಳುವುದಿಲ್ಲ.

ನೀನು ಕಳಿಸಿದ ತುಂಡುಗಳನ್ನು ನಾನು ಯಾರಿಗೂ ತೋರಿಸಿರಲಿಲ್ಲ. ಆದರೆ ಮೇಸ್ತ್ರಿ ಗ್ರೆಲಾರ್‌ಗೆ ಆಂಜೆಯಿಂದಲೇ ಆ ನಗೆಪತ್ರಿಕೆ ಬಂದಿತ್ತು. ಭಾನುವಾರ ವೈನ್ ಅಂಗಡಿಯಲ್ಲಿ ಎಲ್ಲರ ಎದುರಿಗೆ ಬಿಚ್ಚಿ, "ಬನ್ರಪ್ಪಾ, ನಿಮ್ಮ ಮೂತಿ ನೀವೇ ಗುರುತು ಹಿಡೀರಿ" ಎಂದನಂತೆ. ಮೊದಲು ನಕ್ಕರು. ಆಮೇಲೆ ನನ್ನ ತಮ್ಮ ಮೇಜನ್ನು ಒದ್ದು ಎದ್ದುಬಂದ. ನಿನ್ನ ಮೇಲೂ ಕೋಪವಿದೆ, ಮುಚ್ಚಿಡುವುದಿಲ್ಲ. ತಾತ ಬೆಲ್ವಾನ್ ನನ್ನ ಬಾಗಿಲಲ್ಲೇ ನಿಂತು ಹೇಳಿದ: "ಕಲ್ಲು ಹಸಿ ಇರೋವಾಗ್ಲೇ ಸೀಳ್ಬೇಕು, ಒಣಗಿದ್ರೆ ಹಾಳೆ ಬಿಚ್ಕೊಳ್ಳಲ್ಲ. ಅದಕ್ಕೆ ಗಾಳೀಲಿ ಕೂತು ಚಿಂದಿ ಸುತ್ಕೋತೀವಿ. ಆ ಹುಡುಗ ಚಿಂದಿ ಬರ್ಕೊಂಡು ಹೋದ. ಕಲ್ಲು ಬರ್ದಿದಾನಾ?" ಬರೆದಿದ್ದಾನೆ ಎಂದೆ. ನನಗೆ ಗೊತ್ತಿಲ್ಲದಿದ್ದರೂ ಹಾಗೆಂದೆ.

ಎದುರಾಳಿ ಪತ್ರಿಕೆಯ ಮಾತು ನಿನಗೆ ಬರೀ ಮಾತು. ಇಲ್ಲಿಗೆ ಅದು ಕುದುರೆ ಏರಿ ಬಂತು. ಎರಡು ವರ್ಷದ ಹಿಂದಿನ ಆಗಸ್ಟ್‌ನಲ್ಲಿ ನಮ್ಮ ಗಣಿಯವರು ಬ್ರೆಡ್ಡಿನ ಬೆಲೆಗಾಗಿ, ಪ್ರಜಾರಾಜ್ಯಕ್ಕಾಗಿ ಎಂದು ಇರುಳಲ್ಲಿ ಆಂಜೆಗೆ ನಡೆದುಹೋದದ್ದು, ಎಷ್ಟೋ ಜನರನ್ನು ಹಡಗು ಹತ್ತಿಸಿ ಕಡಲಾಚೆಗೆ ಕಳಿಸಿದ್ದು ನಿನಗೂ ಗೊತ್ತು. ಆ ಗಾಯ ಇನ್ನೂ ಒಣಗಿಲ್ಲ. ಬುಧವಾರ ಇಬ್ಬರು ಪೊಲೀಸರು ಬಂದು, ಪ್ಯಾರಿಸಿನ ಚಿತ್ರದಲ್ಲಿರುವ ಐವರು ಯಾರು ಯಾರು ಎಂದು ತಡಿಕೆ ತಡಿಕೆಗೂ ಹೋಗಿ ಕೇಳಿದರು. ತಾತ ಬೆಲ್ವಾನ್ ಉಳಿ ಕೆಳಗಿಡದೆ ಹೇಳಿದ: "ಐದೂ ಜನ ಮಾತುರಿನ್ನೇ ಸಾಮಿ."

"ಐದೂ ಜನ ಒಬ್ನೇ ಹೆಂಗಯ್ಯ ಆಗ್ತಾನೆ?"

"ಚಿತ್ರ ಬರೆಯೋರು ಬಡವ್ರು ನೋಡಿ, ಒಬ್ಬನ್ನೇ ಐದು ಸಲ ಕೂರಿಸ್ಕೊಂಡ್ರು. ಅವನು ಚರ್ಚಿನ ಹಿಂದೆ ಮಲಗಿದಾನೆ. ಬೇಕಾದ್ರೆ ಹಿಡ್ಕೊಂಡು ಹೋಗಿ."

ಪೊಲೀಸರು ಬರೆದುಕೊಂಡು ಹೋದರು. ಸತ್ತ ಮೇಲೆ ಅವನು ಉಳಿದ ನಾಲ್ವರಿಗೆ ಆಸರೆಯಾದ. ನಾನು ಅವತ್ತು ಅತ್ತೆ, ನಕ್ಕೆ ಕೂಡಾ.

ಆದರೆ ನಾನು ಬರೆಯಲು ಕೂತದ್ದು ಇದಕ್ಕಲ್ಲ. ಆ ದೊಡ್ಡ ವಿಮರ್ಶಕ ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಬೂದಿಯಂಥ ಮುಖ, ಸೀಸದಂಥ ತುಟಿ, ಕಣ್ಣ ಕೆಳಗೆ ನೀಲಿ. ಮೊದಲ ಸಲ ಬೈಗುಳವಾಗಿ ಓದಿದೆ. ಆಮೇಲೆ ಕಣ್ಣು ಮುಚ್ಚಿ ನೋಡಿದರೆ ಅವನು ಹಾಗೆಯೇ ಇದ್ದ. ಅಕ್ಟೋಬರ್‌ನಲ್ಲೇ ಹಾಗಿದ್ದ. ಪಕ್ಕದಲ್ಲಿ ಮಲಗುವವಳಿಗೆ ಕಾಣದ್ದು ನಿನಗೆ ಕಂಡಿತ್ತು. ಅವನು ಸಾಯುತ್ತಿದ್ದಾನೆಂದು ನಿನಗೆ ಗೊತ್ತಿತ್ತೋ ಇಲ್ಲವೋ, ನಿನ್ನ ಕೈಗೆ ಗೊತ್ತಿತ್ತು. ಆ ವಿಮರ್ಶಕ ಒಂದನ್ನೂ ತಪ್ಪು ನೋಡಿಲ್ಲ. ಕಂಡದ್ದು ಏನೆಂದು ಮಾತ್ರ ಅವನಿಗೆ ತಿಳಿಯಲಿಲ್ಲ.

ಹಾಗಾಗಿ ಮಾರ್ಚ್‌ನಲ್ಲಿ ಕೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಏನನ್ನೂ ಬದಲಿಸಬೇಡ. ರೆನೆ ಅವನನ್ನು ಇದ್ದ ಹಾಗೆಯೇ ನೋಡಲಿ.

ಪೆರಿನ್

*

ಪ್ಯಾರಿಸ್, 8 ನವೆಂಬರ್ 1857

ಪ್ರೀತಿಯ ಪೆರಿನ್,

ಇಷ್ಟು ದಿನ ಬರೆಯದ್ದಕ್ಕೆ ಕ್ಷಮಿಸು. ಪ್ರದರ್ಶನ ಮುಗಿದು ಬಟ್ಟೆ ಮನೆಗೆ ವಾಪಸು ಬಂತು. ನನ್ನ ಕೋಣೆಯಲ್ಲಿ ಅದಿರುವಾಗ ನಾನು ಗೋಡೆಗೆ ಅಂಟಿಕೊಂಡು ಓಡಾಡಬೇಕು. ಯಾರೂ ಕೊಳ್ಳಲಿಲ್ಲ, ಅದು ಗೊತ್ತಿದ್ದದ್ದೇ. ಮೊದಲು ಮಾತಾಡಿಸುತ್ತಿದ್ದ ಒಬ್ಬಿಬ್ಬರು ಸಾಹುಕಾರರೂ ಈಗ ಟೋಪಿ ಮಾತ್ರ ಎತ್ತುತ್ತಾರೆ. ಮಗಳ ಭಾವಚಿತ್ರ ಬರೆಸಬೇಕೆಂದಿದ್ದವರೊಬ್ಬರು, ಆ ಮಗುವಿಗೂ ಬೂದಿ ಬಣ್ಣ ಹಚ್ಚೀಯ ಎಂದು ಹೇಳಿಕಳಿಸಿದರು.

ಹೋದ ತಿಂಗಳು ಸರ್ಕಾರದ ಕಡೆಯವರೊಬ್ಬರು ಬಂದಿದ್ದರು. ಸಭ್ಯರು, ಓದಿಕೊಂಡವರು. ಬಹಳ ಹೊತ್ತು ನೋಡಿದರು. ತಡಿಕೆಗಳನ್ನು ಹೊಗಳಿದರು, ಕೈಗಳನ್ನು ಬಹಳ ಹೊಗಳಿದರು. ಶ್ರಮವನ್ನು ಗೌರವಿಸುವ ಚಿತ್ರಗಳು ಚಕ್ರವರ್ತಿಗಳಿಗೆ ಬೇಡವೆಂದಿಲ್ಲ, ಶ್ರಮ ಹೆದರಿಸಬಾರದು ಅಷ್ಟೇ ಎಂದರು. ಒಂದೆರಡು ಸಣ್ಣ ತಿದ್ದುಪಡಿಯಾದರೆ ಸರ್ಕಾರವೇ ಕೊಳ್ಳಬಹುದು. ಬೆಳಕು ಸಂಜೆಯದಾಗಬೇಕು. ಮೈಮೇಲಿನ ಉಡುಪು ಸ್ವಲ್ಪ ಶುಭ್ರವಾಗಬೇಕು.

ನೀನೇ ಕೇಳಿದ್ದೆಯಲ್ಲ, ಅವನು ತೊಳೆದುಕೊಂಡು ಕೂರಲಿ ಎಂದು. ನಿನ್ನ ಆಸೆಯೂ ತೀರಿದಂತಾಯಿತು ಎಂದುಕೊಂಡೆ. ಈಗ ಅವನಿಗೆ ಬಿಳಿ ಅಂಗಿ. ಮಡಿಕೆಗಳನ್ನು ನೋಡಿ ಬರೆಯಲು ಇಲ್ಲಿ ಚಿತ್ರಗಾರರಿಗೆ ಕೂರುವ ಇಟಲಿಯವನೊಬ್ಬ ಬರುತ್ತಾನೆ. ಈ ನಗರದ ಅರ್ಧ ಚರ್ಚುಗಳಲ್ಲಿ ಅವನೇ ಸಂತ ಜೋಸೆಫ್. ಅಲುಗಾಡದೆ ಕೂರುತ್ತಾನೆ, ಪಾಪ.

ರೆನೆಗೆ ಮುತ್ತು.

ಇಲೇರ್

*

ತ್ರೆಲಾಝೆ, 22 ನವೆಂಬರ್ 1857

ಅಣ್ಣ,

ಸಂಜೆ ಐದು. ಇವತ್ತು ಹಳೆಯ ಗುಂಡಿಯ ಅಂಚಿನಲ್ಲಿ ಮಂಜುಗಡ್ಡೆ ಕಟ್ಟಿತ್ತು, ಒಡೆದು ಬಟ್ಟೆ ಅದ್ದಿದೆ. ಬೆರಳು ಮಡಚುತ್ತಿಲ್ಲ, ಅಕ್ಷರ ಹೀಗಿದ್ದರೆ ಬೇಸರಿಸಬೇಡ.

ಜುಲೈನಲ್ಲಿ ಒಂದು ಕಾಗದ ಬರೆದಿದ್ದೆ. ಏನನ್ನೂ ಬದಲಿಸಬೇಡ ಎಂದು ಬರೆದಿದ್ದೆ. ಅದು ನಿನಗೆ ತಲುಪಲಿಲ್ಲವೆಂದು ತಿಳಿಯುತ್ತೇನೆ.

ಅಂಗಿ ಬದಲಾದರೆ ಆಗಲಿ. ಮುಖ ಇದೆಯಲ್ಲ. ನೀನು ಮಾತು ಕೊಟ್ಟಿದ್ದೀಯ. ಅಕ್ಟೋಬರ್‌ನಲ್ಲಿ ನಮ್ಮ ಅಂಗಳದಲ್ಲಿ ಒಂದು ಚಿಕ್ಕ ಹಲಗೆಯ ಮೇಲೆ ಅವನ ತಲೆ ಮಾತ್ರ ಬರೆದುಕೊಂಡೆಯಲ್ಲ, ದೊಡ್ಡದಕ್ಕೆ ನೋಡಿಕೊಳ್ಳಲು. ಇನ್ನು ಅದರ ಕೆಲಸ ಮುಗಿದಿರಬೇಕು. ಅದನ್ನು ನನಗೆ ಕಳಿಸುತ್ತೀಯಾ?

ಪೆರಿನ್

*

ಪ್ಯಾರಿಸ್, 15 ಮೇ 1861

ಪ್ರೀತಿಯ ಪೆರಿನ್,

ಮೂರು ವರ್ಷದ ಮೇಲಾಯಿತು. ಎಷ್ಟು ಸಲ ಕೂತೆ, ಎಷ್ಟು ಸಲ ಕಾಗದ ಹರಿದೆ. ನನ್ನ ಮೇಲೆ ಮುನಿಸಿಕೊಂಡಿದ್ದೀಯ ಎಂದುಕೊಂಡು ಸುಮ್ಮನಾದೆ. ಮುನಿಸು ನಿನ್ನದೋ ನನ್ನದೇ ಹೆದರಿಕೆಯೋ, ಈಗ ಬಿಡು.

ಒಳ್ಳೆಯ ಸುದ್ದಿ ಇದೆ. ಸರ್ಕಾರ ಆಗಲೇ ಕೊಂಡು ಉಗ್ರಾಣದಲ್ಲಿ ಸುತ್ತಿಟ್ಟಿದ್ದ ನಮ್ಮ ಚಿತ್ರವನ್ನು ಈಗ ಆಂಜೆಯ ಸಂಗ್ರಹಾಲಯಕ್ಕೆ ಕಳಿಸಿದ್ದಾರೆ. ಊರಿನ ಮಗ ಬರೆದದ್ದು ಊರಿನಲ್ಲಿರಲಿ ಎಂದು. ಹೊರಡುವ ಮುಂಚೆ ಒಬ್ಬ ವ್ಯಾಪಾರಿಯ ಗಾಜಿನ ಬಾಗಿಲಲ್ಲಿ ಹತ್ತು ದಿನ ನಿಲ್ಲಿಸಿದ್ದರು. ಆ ದೊಡ್ಡ ವಿಮರ್ಶಕ, ಹೆಣ ಎಂದು ಬರೆದವನು, ಈಗ ಏನು ಬರೆದ ಗೊತ್ತೇ? ಸಂಜೆಯ ಹೊನ್ನಿನಲ್ಲಿ ಶ್ರಮದ ಘನತೆ, ಬಡತನದಲ್ಲೂ ತೃಪ್ತಿ ಎಂದ. ಇದು ಹಳೆಯ ಬಟ್ಟೆಯೇ ಎಂದು ಅವನಿಗೆ ತಿಳಿದಿರಲಿಲ್ಲ. ನಾನೂ ಹೇಳಲಿಲ್ಲ. ಎರಡು ವರ್ಷದ ಹಿಂದೆ ನನ್ನ ದ್ರಾಕ್ಷಿ ಕೊಯ್ಯುವ ಹೆಂಗಸರಿಗೆ ಪದಕ ಬಂತು. ಅದರಲ್ಲೂ ಸಂಜೆ ಇದೆ.

ಚಿಕ್ಕ ಹಲಗೆ ಕೇಳಿದ್ದೆಯಲ್ಲ. ಮನೆ ಬದಲಿಸುವಾಗ ಎಲ್ಲೋ ಹೋಯಿತು.

ಭಾನುವಾರ ಎಲ್ಲರಿಗೂ ಪ್ರವೇಶವಿದೆ. ರೆನೆಯನ್ನು ಕರೆದುಕೊಂಡು ಹೋಗು. ಕಣ್ಣಿಗೆ ಸಮನಾಗಿ ತೂಗುಹಾಕಿದ್ದಾರಂತೆ, ಕತ್ತು ಎತ್ತಬೇಕಾಗಿಲ್ಲ. ಅವನು ಚೆನ್ನಾಗಿದ್ದಾನೆ.

ನಿನ್ನ ಇಲೇರ್

*

ತ್ರೆಲಾಝೆ, 8 ಜೂನ್ 1861

ಶ್ರೀ ಇಲೇರ್ ಅವರಿಗೆ,

ಸಂಜೆ ಆರು ಗಂಟೆ. ಇವತ್ತು ಶನಿವಾರ, ಒಗೆದ ಬಟ್ಟೆಯನ್ನೆಲ್ಲ ಮನೆಮನೆಗೆ ತಲುಪಿಸಿ ಬಂದೆ. ರೆನೆ ಪಕ್ಕದ ಮನೆಯಲ್ಲಿದ್ದಾಳೆ. ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯುವುದು ಬೇಡವೆಂದುಕೊಂಡಿದ್ದೆ. ಆದರೂ ನೋಡಿದ್ದನ್ನು ನೋಡಿದಂತೆ ತಿಳಿಸಬೇಕು ಅನಿಸಿತು.

ಅದರ ಮರುವಾರದ ಭಾನುವಾರ ಹೋದೆವು. ನಾನು, ರೆನೆ, ತಾತ ಬೆಲ್ವಾನ್. ತಾತನಿಗೆ ಈಗ ಕಣ್ಣು ಅಷ್ಟಕ್ಕಷ್ಟೇ, ಆದರೂ ಬರುತ್ತೇನೆಂದು ಹಟ ಹಿಡಿದ. ರೆನೆಗೆ ವಾರವಿಡೀ ಹೇಳಿದ್ದೆ, ನಿಮ್ಮಪ್ಪನನ್ನು ನೋಡಲು ಹೋಗುತ್ತೇವೆ ಎಂದು. ಅವಳು ಮಾತು ಕಲಿತಾಗಿನಿಂದ ಕೇಳುತ್ತಾ ಬಂದದ್ದು ಅದೊಂದನ್ನೇ, ಅಪ್ಪ ಹೇಗಿದ್ದ ಎಂದು. ನಾನು ಬಾಯಲ್ಲಿ ಹೇಳಿ ಹೇಳಿ ಈಚೆಗೆ ನನಗೇ ಅನುಮಾನ ಶುರುವಾಗಿತ್ತು. ಮೂಗು ಹೀಗಿತ್ತೋ, ಹುಬ್ಬು ಕೂಡಿತ್ತೋ. ಕೂಡಿತ್ತು ಎಂದು ಹೇಳುತ್ತೇನೆ, ಆದರೆ ಕಾಣಿಸುವುದಿಲ್ಲ. ನಾನೂ ನೋಡಿಕೊಳ್ಳಬೇಕಿತ್ತು.

ಚಿತ್ರ ದೊಡ್ಡದಾಗಿಯೇ ಇದೆ, ನೀವು ಹೇಳಿದಂತೆ. ಒಳ್ಳೆಯ ಚೌಕಟ್ಟು. ಮುಂದೆ ಜನ ನಿಂತಿದ್ದರು. ನಾವು ಹಿಂದೆ ನಿಂತು ಕಾದೆವು. ಅವರು ಸರಿದಾಗ ಮೊದಲು ಅವನ ಕೈ ಕಂಡಿತು. ಎಡಗೈ ಉಳಿ ಹಿಡಿದದ್ದು, ಹೆಬ್ಬೆರಳಿನ ಉಗುರು ಸೀಳಿದ್ದು. ಅದು ಅವನದೇ. ಕಲ್ಲನ್ನು ತೊಡೆಗೆ ಒತ್ತಿಕೊಂಡ ರೀತಿ ಅವನದೇ. ಆಮೇಲೆ ಮೇಲಕ್ಕೆ ನೋಡಿದೆ.

ಅಲ್ಲಿ ಯಾರೋ ಇದ್ದರು. ಗುಂಗುರು ಗಡ್ಡ, ನೀಳ ಮೂಗು, ಕೆನ್ನೆ ತುಂಬ ಬಿಸಿಲು. ನಮ್ಮ ಊರಲ್ಲಿ ಅಂಥವರು ಯಾರೂ ಇಲ್ಲ. ಇವರೇ ನಿಮ್ಮ ಸಂತ ಜೋಸೆಫ್ ಇರಬೇಕು. ಬಿಳಿ ಅಂಗಿಯ ಮಡಿಕೆಗೆ ಮಾತ್ರ ಕೂತಿದ್ದರೆಂದು ನೀವು ಬರೆದಿದ್ದಿರಿ.

ತಾತ ಬೆಲ್ವಾನ್ ತೀರಾ ಹತ್ತಿರ ಹೋಗಿ ಮೂಗು ತಾಗಿಸುವಂತೆ ನೋಡಿದ. ಕಾವಲಿನವನು ಗದರಿದ. ತಾತ ಹಿಂದೆ ಬಂದು ನನ್ನ ಕಿವಿಯ ಹತ್ತಿರ ಹೇಳಿದ: "ಕಲ್ಲು ಸರಿಯಾಗೇ ಬರ್ದಿದಾನೆ ಕಣಮ್ಮ, ಹಸಿ ಕಲ್ಲೇ ಅದು. ಮನುಷ್ಯ ನಮ್ಮೋನಲ್ಲ. ಇವನು ಒಂದ್ಸಲಾನೂ ಕೆಮ್ಮಿದೋನಲ್ಲ."

ನಮ್ಮ ಪಕ್ಕದಲ್ಲಿ ಪಟ್ಟಣದ ಹೆಂಗಸೊಬ್ಬರು ತಮ್ಮ ಮಗಳಿಗೆ ಹೇಳುತ್ತಿದ್ದರು, "ನೋಡು, ಬಯಲಲ್ಲಿ ಕೆಲಸ ಮಾಡೋರು ಎಷ್ಟು ಗಟ್ಟಿಮುಟ್ಟಾಗಿರ್ತಾರೆ. ನಮಗಿಂತ ಅವರೇ ಸುಖಿಗಳು" ಎಂದು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ರೆನೆಯ ಕೆನ್ನೆ ಸವರಿದರು ಕೂಡಾ. ಹೇನಿನ ಮಾತು ಯಾರೂ ಆಡಲಿಲ್ಲ. ನಗುತ್ತಿದ್ದಾರೆ ಎಂದರೆ ಹೆದರಿದ್ದಾರೆ ಎಂದು ನೀವು ಬರೆದಿದ್ದಿರಿ. ಇಲ್ಲಿ ಯಾರೂ ನಗಲಿಲ್ಲ.

ನಿಮ್ಮನ್ನು ದೂರುವುದಕ್ಕೆ ನನಗೆ ಬರುವುದಿಲ್ಲ. ನಿಮಗೂ ಊಟ ಬೇಕು, ಆ ಬಟ್ಟೆ ಯಾರಿಗೂ ಬೇಡವಾಗಿತ್ತು. ವಿಮರ್ಶಕನಿಗೆ ಬೇಡವಾದ ಮುಖ, ಪೊಲೀಸರಿಗೆ ಬೇಕಾದ ಮುಖ, ಸರ್ಕಾರಕ್ಕೆ ಹೆದರಿಕೆಯ ಮುಖ. ಅದು ಬೇಕಾಗಿದ್ದವರು ಇಬ್ಬರೇ. ನಮ್ಮನ್ನು ಕೇಳಿದ್ದರೆ ಬದಲಿಸಬೇಡಿ ಎನ್ನುತ್ತಿದ್ದೆವು ಎಂದು ನಿಮಗೆ ಗೊತ್ತಿತ್ತು, ಆದ್ದರಿಂದ ನೀವು ಕೇಳಲಿಲ್ಲ. ಚಿಕ್ಕ ಹಲಗೆ ಎಲ್ಲೋ ಹೋಯಿತು ಎಂದು ಬರೆದಿದ್ದೀರಿ. ಹಲಗೆಗಳು ಎಲ್ಲೋ ಹೋಗುವುದಿಲ್ಲ. ಹಳೆಯದನ್ನು ಕೆರೆದು ಅದರ ಮೇಲೆಯೇ ಹೊಸದು ಬರೆಯುತ್ತೀರೆಂದು ನಮ್ಮ ಅಂಗಳದಲ್ಲಿ ಕೂತು ನೀವೇ ಹೇಳಿದ್ದಿರಿ. ಅದರ ಮೇಲೆ ಈಗ ಏನು ಬರೆದಿದ್ದೀರೋ ನಾನು ಕೇಳುವುದಿಲ್ಲ.

ರೆನೆಯ ವಿಷಯ ಹೇಳಬೇಕು. ಅವಳು ನನ್ನ ಕೈ ಬಿಡಿಸಿಕೊಂಡು ಚಿತ್ರದ ಮುಂದೆ ಹೋಗಿ ನಿಂತಳು. ಐವರನ್ನೂ ಒಬ್ಬೊಬ್ಬರಾಗಿ ನೋಡಿದಳು. ನಾನು ಬಾಯಿ ತೆರೆದೆ. ಇವರಲ್ಲಿ ಯಾರೂ ಅಲ್ಲ ಕಣೇ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವಳೇ ಬೆರಳು ತೋರಿಸಿದಳು.

"ಇವರೇ ಅಪ್ಪ. ಎಷ್ಟು ಚೆನ್ನಾಗಿದ್ದಾರಮ್ಮ."

ತಾತ ಬೆಲ್ವಾನ್ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಅವಳ ಮುಖದಲ್ಲಿ ಆ ಹೊತ್ತು ಇದ್ದದ್ದನ್ನು ಅವಳು ಹುಟ್ಟಿದಾಗಿನಿಂದ ನಾನು ಒಮ್ಮೆಯೂ ಕಂಡಿರಲಿಲ್ಲ. "ಹೌದಮ್ಮ" ಎಂದೆ. ಅಷ್ಟೇ ಎಂದದ್ದು.

ಅಂದಿನಿಂದ ಅವಳಿಗೆ ಅದೇ ಮಾತು. ನಮ್ಮಪ್ಪನಿಗೆ ಗುಂಗುರು ಗಡ್ಡ ಎಂದು ಬೀದಿಯ ಮಕ್ಕಳಿಗೆಲ್ಲ ಹೇಳುತ್ತಾಳೆ. ಮಲಗುವ ಮುಂಚೆ ಅವರಿಗಾಗಿ ಪ್ರಾರ್ಥಿಸುತ್ತಾಳೆ. ಮೊನ್ನೆ ನಾನು ಕಣ್ಣು ಮುಚ್ಚಿ ಮಾತುರಿನ್‌ನನ್ನು ನೆನೆಯಲು ಕೂತರೆ ಆ ಇಟಲಿಯವರೇ ಬಂದು ಕೂತರು. ಬೂದಿ, ಸೀಸ, ನೀಲಿ ಎಂದು ಬಾಯಲ್ಲಿ ಹೇಳಿಕೊಂಡೆ. ಬರಲಿಲ್ಲ. ಆ ವಿಮರ್ಶಕನ ತುಂಡುಕಾಗದ ಇನ್ನೂ ನನ್ನ ಹತ್ತಿರ ಇದೆ. ನನ್ನ ಗಂಡ ಹೇಗಿದ್ದನೆಂದು ಸರಿಯಾಗಿ ಬರೆದುಹೋದವನು ಅವನೊಬ್ಬನೇ.

ಇನ್ನು ಮುಂದೆ ನೀವು ಬರೆಯುವ ಅಗತ್ಯವಿಲ್ಲ.

ಕಳೆದ ವಾರ ಮಳೆ ಬಂದು ಹೋಗಲಾಗಲಿಲ್ಲ, ರೆನೆ ಸಂಜೆಯವರೆಗೂ ಅತ್ತಳು. ನಾಳೆ ಭಾನುವಾರ. ಸಂಗ್ರಹಾಲಯ ಹನ್ನೊಂದಕ್ಕೆ ತೆರೆಯುತ್ತದೆ.

ಪೆರಿನ್, ಮಾತುರಿನ್‌ನ ಹೆಂಡತಿ